‘ಫೋನ್ ಅಡ್ಡ ಹಿಡಿಯಿರಿ’ ಅಂದರೆ ಸಾಲದು

ಅಜ್ಜಿಯ ಎಂಬತ್ತನೇ ಹುಟ್ಟುಹಬ್ಬಕ್ಕೆ ಎಲ್ಲರ ಶುಭಾಶಯ ಸೇರಿಸಿ ಒಂದು ವಿಡಿಯೋ ಮಾಡೋಣ ಎಂದು ಹೊರಟವರು ಮನೆಯವರ ಗ್ರೂಪಿಗೆ ಸಾಮಾನ್ಯವಾಗಿ ಹಾಕುವುದು ಒಂದೇ ಸಾಲು: ‘ಎಲ್ಲರೂ ಚಿಕ್ಕ ವಿಡಿಯೋ ಮಾಡಿ ಕಳಿಸಿ.’ ಬರುವ ಕ್ಲಿಪ್ಪುಗಳಲ್ಲಿ ಅರ್ಧ ಫೋನ್ ನೆಟ್ಟಗೆ ಹಿಡಿದು ಉದ್ದುದ್ದ ತೆಗೆದವು, ಒಂದೆರಡು ಮಗ್ಗುಲಿಗೆ ಮಲಗಿದವು, ಒಂದು ಮೂರು ನಿಮಿಷದ್ದು. ತಪ್ಪು ಕಳಿಸಿದವರದ್ದಲ್ಲ, ಆ ಸಾಲಿನದು ಎಂದೇ ನನ್ನ ಅಭಿಪ್ರಾಯ.

ಮೊದಲು ತೀರ್ಮಾನ ಆಗಬೇಕಾದದ್ದು ವಿಡಿಯೋ ಎಲ್ಲಿ ಓಡುತ್ತದೆ ಎಂಬುದು. ಎಲ್ಲರೂ ಫೋನಿನಲ್ಲೇ ನೋಡುವುದಾದರೆ ಉದ್ದುದ್ದವೇ ಸರಿ. ಟಿವಿಯಲ್ಲಿ ಹಾಕುವುದಾದರೆ ಅಡ್ಡ ಬೇಕೇಬೇಕು. ಟಿವಿಯ ಚೌಕಟ್ಟು 1920 ಅಗಲ, 1080 ಎತ್ತರ ಎಂದಿಟ್ಟುಕೊಳ್ಳಿ. ಉದ್ದುದ್ದ ತೆಗೆದ ಕ್ಲಿಪ್ಪನ್ನು ಅದರೊಳಗೆ ಕೂರಿಸಿದರೆ ಅದಕ್ಕೆ ಸಿಗುವ ಅಗಲ ಸುಮಾರು 608, ಅಂದರೆ ಪರದೆಯ ಮೂರನೇ ಒಂದು ಭಾಗಕ್ಕೂ ಕಡಿಮೆ. ಎರಡೂ ಪಕ್ಕ ಕಪ್ಪು. ಹಿಗ್ಗಿಸಿ ಪೂರ್ತಿ ತುಂಬಿಸಿದರೆ ಮೂಲ ಚಿತ್ರದ ಮೂರನೇ ಎರಡು ಭಾಗ ಕತ್ತರಿಸಿ ಹೋಗುತ್ತದೆ. ಹತ್ತಿರದಿಂದ ತೆಗೆದಿದ್ದರೆ ಹಣೆ, ಗಲ್ಲ ಎರಡೂ ಇರುವುದಿಲ್ಲ.

ಹೆಚ್ಚಿನವರು ಎಡವುವುದು ಇನ್ನೊಂದು ಕಡೆ. ಫೋನ್ ಅಡ್ಡವೋ ಉದ್ದವೋ ಎಂಬುದನ್ನು ಕ್ಯಾಮೆರಾ ಸಾಮಾನ್ಯವಾಗಿ ಕೆಂಪು ಬಟನ್ ಒತ್ತಿದ ಕ್ಷಣದಲ್ಲಿ ಗುರುತು ಹಾಕಿಕೊಳ್ಳುತ್ತದೆ. ಒತ್ತಿದ ಮೇಲೆ ತಿರುಗಿಸಿದರೆ ಗುರುತು ಬದಲಾಗದು, ಮಾತಾಡುವವರು ಮಗ್ಗುಲಿಗೆ ಮಲಗಿಬಿಡುತ್ತಾರೆ. ಟೇಬಲ್ ಮೇಲೆ ಮಲಗಿಸಿದ ಫೋನಿನಲ್ಲಿ ಬಟನ್ ಒತ್ತಿ ಆಮೇಲೆ ಎತ್ತಿದರೂ ಇದೇ ಕಥೆ, ಯಾವ ಕಡೆ ಮೇಲೆ ಎಂದು ಅದಕ್ಕೆ ಗೊತ್ತಾಗಿರುವುದಿಲ್ಲ. ಹೀಗೆ ಮಲಗಿದ ಕ್ಲಿಪ್ಪನ್ನು ಜೋಡಿಸುವವರು ಎದ್ದು ನಿಲ್ಲಿಸಬಹುದು. ಪೂರ್ತಿ ಉದ್ದುದ್ದ ತೆಗೆದದ್ದಕ್ಕೆ ಮಾತ್ರ ಮದ್ದಿಲ್ಲ. ಹಾಗಾಗಿ ‘ಅಡ್ಡ ಹಿಡಿಯಿರಿ’ ಎನ್ನುವ ಬದಲು ಕ್ರಮ ಹೇಳಿ: ಮೊದಲು ತಿರುಗಿಸಿ, ಪರದೆಯ ಮೇಲಿನ ಚಿಹ್ನೆಗಳೂ ತಿರುಗಿ ನೆಟ್ಟಗಾಗುವವರೆಗೆ ಕಾಯಿರಿ, ಆಮೇಲೆ ಒತ್ತಿ.

ಅಡ್ಡ ಹಿಡಿದಾಗ ಇನ್ನೊಂದು ತೊಂದರೆ ಬರುತ್ತದೆ. ಮೈಕ್ ಇರುವುದು ಚಾರ್ಜರ್ ಚುಚ್ಚುವ ತುದಿಯಲ್ಲಿ, ಆ ತುದಿ ಈಗ ನೇರ ಅಂಗೈಯೊಳಗೆ. ದನಿ ಕಂಬಳಿಯೊಳಗಿಂದ ಬಂದ ಹಾಗೆ ಕೇಳುತ್ತದೆ. ಆ ಕಡೆ ಮೇಲಂಚು ಕೆಳಂಚು ಎರಡನ್ನೇ ಬೆರಳಲ್ಲಿ ಹಿಡಿದು ತುದಿಯನ್ನು ಬಿಡಬೇಕು. ಇದನ್ನು ಬರೆದು ಹೇಳುವುದಕ್ಕಿಂತ ಹಿಡಿದ ಕೈಯ ಒಂದು ಫೋಟೋ ಕಳಿಸುವುದು ಮೇಲು.

ಇನ್ನು ಸಮಯದ ಲೆಕ್ಕ ನೋಡಿ. 24 ಜನ ತಲಾ 12 ಸೆಕೆಂಡ್ ಮಾತಾಡಿದರೆ ಐದು ನಿಮಿಷಕ್ಕೆ ಸ್ವಲ್ಪ ಕಡಿಮೆ. ತಲಾ 40 ಸೆಕೆಂಡ್ ಆದರೆ 16 ನಿಮಿಷ, ಯಾರೂ ಕೂತು ನೋಡುವುದಿಲ್ಲ. ಆದರೆ 12 ಸೆಕೆಂಡ್ ಎಂದರೆ ಎಷ್ಟು ಎಂದು ಯಾರಿಗೂ ಅಂದಾಜಾಗದು, ‘ಮೂರು ವಾಕ್ಯ’ ಎಂದರೆ ಆಗುತ್ತದೆ. ಮಾತಿನ ಮುಂಚೆ, ಮಾತು ಮುಗಿದ ಮೇಲೆ ಎರಡೆರಡು ಸೆಕೆಂಡ್ ಸುಮ್ಮನೆ ಕ್ಯಾಮೆರಾ ನೋಡುವಂತೆಯೂ ಹೇಳಿ. ಒಂದು ಕ್ಲಿಪ್ಪಿನಿಂದ ಇನ್ನೊಂದಕ್ಕೆ ಮೆತ್ತಗೆ ದಾಟಿಸಲು ಆ ಜಾಗ ಬೇಕು, ಇಲ್ಲದಿದ್ದರೆ ‘ಅಜ್ಜಿ’ ಎಂಬ ಮೊದಲ ಪದವೇ ತುಂಡಾಗುತ್ತದೆ.

ಕಳಿಸುವಾಗ ವಾಟ್ಸಾಪಿನಲ್ಲಿ ಗ್ಯಾಲರಿಯಿಂದ ಆರಿಸಿದರೆ ವಿಡಿಯೋ ಹಿಂಡಿ ಸಣ್ಣದಾಗುತ್ತದೆ, ಟಿವಿಯಲ್ಲಿ ಮುಖ ಮಸುಕು. Document ಮೂಲಕ ಹೋದರೆ ಮೂಲ ಫೈಲ್ ಹಾಗೇ ಬರುತ್ತದೆ. ಬಂದದ್ದು ಯಾವುದು ಎಂದು ತಿಳಿಯಲು ಗಾತ್ರ ನೋಡಿ: 16 ಸೆಕೆಂಡಿನ ಮೂಲ ಕ್ಲಿಪ್ ಸಾಮಾನ್ಯವಾಗಿ 15ರಿಂದ 35 ಎಂಬಿ ಇರುತ್ತದೆ. ಎರಡು ಮೂರು ಎಂಬಿ ಇದ್ದರೆ ಹಿಂಡಿದ್ದು, ಮತ್ತೆ ಕೇಳಿ. ಅದಕ್ಕೇ ಮೂಲವನ್ನು ಅಳಿಸಬೇಡಿ ಎಂದು ಮೊದಲೇ ತಿಳಿಸಬೇಕು.

ಗ್ರೂಪಿಗೆ ಹಾಕಲು ಹೀಗೆ ಬರೆಯಬಹುದು, ಬೇಕಾದವರು ನಕಲು ಮಾಡಿಕೊಳ್ಳಿ:

‘ಎಲ್ಲರಿಗೂ ನಮಸ್ಕಾರ. ಅಜ್ಜಿಗೆ ಟಿವಿಯಲ್ಲಿ ತೋರಿಸಲು ವಿಡಿಯೋ ಬೇಕು. ಕಿಟಕಿಗೆ ಮುಖ ಮಾಡಿ ಕೂತುಕೊಳ್ಳಿ, ಫ್ಯಾನ್ ಆರಿಸಿ. ಇನ್ನೊಬ್ಬರ ಕೈಗೆ ಫೋನ್ ಕೊಡಿ, ಅವರು ಒಂದು ಮೀಟರ್ ದೂರದಲ್ಲಿರಲಿ. ಮೊದಲು ಫೋನ್ ಅಡ್ಡ ತಿರುಗಿಸಿ, ಆಮೇಲೆ ಕೆಂಪು ಬಟನ್ ಒತ್ತಿ. ಎರಡು ಎಣಿಸಿ, ಮೂರೇ ವಾಕ್ಯ ಹೇಳಿ, ಮತ್ತೆ ಎರಡು ಎಣಿಸಿ ನಿಲ್ಲಿಸಿ. ಫೋನ್ ಅಡ್ಡ ಹಿಡಿದು ಒಮ್ಮೆ ನೋಡಿ: ತಲೆ ಮೇಲಿರಬೇಕು, ಚಿತ್ರ ಎಡದಿಂದ ಬಲಕ್ಕೆ ಹೆಚ್ಚುಕಡಿಮೆ ತುಂಬಿರಬೇಕು. ಗ್ರೂಪಿಗೆ ಬೇಡ, ನನಗೊಬ್ಬಳಿಗೇ Document ಆಗಿ ಭಾನುವಾರ ಸಂಜೆಯೊಳಗೆ ಕಳಿಸಿ. ಫೋನಿನಲ್ಲಿರುವುದನ್ನು ಅಳಿಸಬೇಡಿ. Document ಸಿಗದಿದ್ದರೆ ಫೋನ್ ಮಾಡಿ, ಹೇಳಿಕೊಡುತ್ತೇನೆ.’

ಸಂದೇಶದ ಜೊತೆಗೆ ಸರಿಯಾಗಿ ತೆಗೆದ ಒಂದು ಮಾದರಿ ಕ್ಲಿಪ್ಪನ್ನೂ ಹಾಕಿ. ಗ್ರೂಪಿನಲ್ಲಿ ಮೊದಲು ಬಿದ್ದ ವಿಡಿಯೋ ಹೇಗಿರುತ್ತದೋ ಉಳಿದವರು ಹಾಗೇ ತೆಗೆಯುತ್ತಾರೆ. ಆ ಮೊದಲನೆಯದು ನಿಮ್ಮದೇ ಆಗಿರಲಿ.