ನನ್ನ ಹೆಸರು ಕೊಡಿ, ಆದರೆ ನನಗೊಂದು ಮಾತು ಹೇಳಿ

ನಿನ್ನೆ ಮಧ್ಯಾಹ್ನ ಬ್ಯಾಂಕಿನ ಸಾಲಿನಲ್ಲಿ ನಿಂತಿದ್ದೆ. ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಎರಡು ಸಲ ಕಟ್ ಮಾಡಿ, ಮೂರನೇ ಸಲ ಎತ್ತಿದೆ. "ಮೇಡಂ, ನಿಮ್ಮ ಹತ್ತಿರ ಕೆಲಸ ಮಾಡಿದವರೊಬ್ಬರು ನಿಮ್ಮ ಹೆಸರನ್ನು ರೆಫರೆನ್ಸ್ ಕೊಟ್ಟಿದ್ದಾರೆ, ಐದು ನಿಮಿಷ ಮಾತಾಡಬಹುದಾ?" ಅಂದರು.

ಹುಡುಗಿಯ ಹೆಸರು ಕೇಳಿ ಖುಷಿಯಾಯಿತು. ನಾನು ಅಕೌಂಟ್ಸ್ ವಿಭಾಗ ನೋಡಿಕೊಂಡ ಅಷ್ಟು ವರ್ಷಗಳಲ್ಲಿ ಅವಳಂಥ ಕೆಲಸಗಾರರು ಇಬ್ಬರೋ ಮೂವರೋ ಸಿಕ್ಕಿರಬಹುದು. ಆದರೆ ಯಾವ ಕೆಲಸಕ್ಕೆ ಅರ್ಜಿ ಹಾಕಿದ್ದಾಳೆ ಅಂತ ನನಗೆ ಗೊತ್ತೇ ಇರಲಿಲ್ಲ. "ತುಂಬಾ ಶ್ರದ್ಧೆ, ಪೆಟ್ಟಿ ಕ್ಯಾಶ್‌ನಲ್ಲಿ ಒಂದು ರೂಪಾಯಿ ಹೆಚ್ಚುಕಮ್ಮಿ ಆಗುತ್ತಿರಲಿಲ್ಲ" ಅಂದೆ. ಎಲ್ಲಿಯವರೆಗೆ ಇದ್ದರು ಅಂದಾಗ "2022" ಅಂದೆ. ಆ ಕಡೆ ಒಂದು ಕ್ಷಣ ಮೌನ. ಅವಳು ರೆಸ್ಯೂಮೆಯಲ್ಲಿ 2021ರ ನವೆಂಬರ್ ಅಂತ ಸರಿಯಾಗಿಯೇ ಬರೆದಿದ್ದಳು. ತಪ್ಪು ನನ್ನದು. ಪರಿಶೀಲನೆ ಮಾಡುವವರ ಹಾಳೆಯಲ್ಲಿ ಮಾತ್ರ ಅದು "ದಿನಾಂಕ ಹೊಂದುತ್ತಿಲ್ಲ" ಅಂತ ಅವಳ ಲೆಕ್ಕಕ್ಕೆ ಬೀಳುತ್ತದೆ.

ಸಂಜೆ ಅವಳಿಗೆ ಫೋನ್ ಮಾಡಿದೆ. ಕೆಲಸ ವೆಂಡರ್ ಅಕೌಂಟ್ಸ್‌ದಂತೆ. ಕೈಕೆಳಗೆ ಇಬ್ಬರು ಜೂನಿಯರ್‌ಗಳು. ಅಲ್ಲಿ ಪೆಟ್ಟಿ ಕ್ಯಾಶ್ ಮಾತು ಯಾರಿಗೆ ಬೇಕು? ಹೇಳಬೇಕಾದದ್ದು ನನ್ನ ತಲೆಯಲ್ಲೇ ಇತ್ತು, ಯಾವುದು ಬೇಕು ಅಂತ ತಿಳಿಯದೆ ಹೇಳಲಿಲ್ಲ. ಇದಕ್ಕೇ ನನಗೆ ಸಿಟ್ಟು. ಹೀಗೊಂದು ವಾಟ್ಸಾಪ್ ಹಿಂದಿನ ದಿನ ಬಂದಿದ್ದರೆ ಸಾಕಿತ್ತು:

"ಮೇಡಂ, ನಮಸ್ಕಾರ. ನಿಮ್ಮ ಹೆಸರು ಕೊಡಲು ಒಪ್ಪಿದ್ದಕ್ಕೆ ಥ್ಯಾಂಕ್ಸ್. ನಾಳೆ ಅಥವಾ ನಾಡಿದ್ದು ವೆರಿಫಿಕೇಶನ್ ಏಜೆನ್ಸಿಯಿಂದ ಫೋನ್ ಬರುತ್ತದೆ, ನಂಬರ್ ಕೆಳಗಿದೆ. ಹುದ್ದೆ: ಸೀನಿಯರ್ ಎಕ್ಸಿಕ್ಯೂಟಿವ್, ವೆಂಡರ್ ಅಕೌಂಟ್ಸ್. ಬಿಲ್ ತಾಳೆ ನೋಡುವುದು, ಪಾವತಿ, ಇಬ್ಬರಿಗೆ ಕೆಲಸ ಹಂಚುವುದು. ನಾನು ನಿಮ್ಮ ಹತ್ತಿರ ಇದ್ದದ್ದು 2019ರ ಜೂನ್‌ನಿಂದ 2021ರ ನವೆಂಬರ್‌ವರೆಗೆ. ನಿಮಗೆ ನೆನಪಿದ್ದರೆ ಎರಡು ವಿಷಯ ಹೇಳಿ: ಜಿಎಸ್‌ಟಿಆರ್-2ಬಿ ಜೊತೆ ಖರೀದಿ ಲೆಕ್ಕ ತಾಳೆ ಮಾಡಿದ್ದು, ಹೊಸ ಹುಡುಗನಿಗೆ ಕೆಲಸ ಕಲಿಸಿದ್ದು. ಎಲ್ಲವನ್ನೂ ಒಬ್ಬಳೇ ಮಾಡಲು ಹೋಗುತ್ತಿದ್ದೆ ಅಂತ ಇಂಟರ್‌ವ್ಯೂನಲ್ಲಿ ನಾನೇ ಒಪ್ಪಿಕೊಂಡಿದ್ದೇನೆ. ಈಗಿನ ಆಫೀಸಿನಲ್ಲಿ ಇನ್ನೂ ತಿಳಿಸಿಲ್ಲ, ದಯವಿಟ್ಟು ನಿಮ್ಮಲ್ಲೇ ಇರಲಿ."

ಇಷ್ಟೇ. ಫೋನಿನ ಒಂದೆರಡು ಪರದೆ ಆಗಬಹುದು. ಆ 2ಬಿ ಮಾತು ಕಂಡಿದ್ದರೆ ನನಗೆ ಪೂರ್ತಿ ಕಥೆ ನೆನಪಾಗುತ್ತಿತ್ತು. 2ಬಿ ಅಂದರೆ ನಮ್ಮ ಸರಬರಾಜುದಾರರು ಜಿಎಸ್‌ಟಿಯಲ್ಲಿ ತೋರಿಸಿದ ಬಿಲ್‌ಗಳ ಪಟ್ಟಿ. 2020ರಲ್ಲಿ ಅದು ಹೊಸದಾಗಿ ಬಂದಾಗ, ಪ್ರತಿ ತಿಂಗಳು ಸಿಕ್ಕ ದಿನವೇ ಅದನ್ನು ಇಳಿಸಿಕೊಂಡು ನಮ್ಮ ಖರೀದಿ ಪುಸ್ತಕದ ಜೊತೆ ಸಾಲು ಸಾಲಾಗಿ ನೋಡುತ್ತಿದ್ದವಳು ಅವಳು. ಬಿಲ್ ತೋರಿಸದ ಸರಬರಾಜುದಾರರಿಗೆ ಅಂದೇ ಫೋನ್. 20ರೊಳಗೆ ನಾವು ರಿಟರ್ನ್ ಹಾಕಬೇಕಲ್ವಾ? ನಿಂತುಹೋದ ತೆರಿಗೆ ಕ್ರೆಡಿಟ್ಟನ್ನು ಹೀಗೆ ಬೆನ್ನುಹತ್ತಿ ಬಿಡಿಸಿಕೊಟ್ಟದ್ದನ್ನು ಹೇಳಿದ್ದರೆ, ಕೇಳುವವರಿಗೆ "ಶ್ರದ್ಧೆ" ಅನ್ನುವ ಪದವೇ ಬೇಕಾಗುತ್ತಿರಲಿಲ್ಲ.

"ಮೊದಲೇ ಹೇಳಿಕೊಟ್ಟರೆ ಅದು ಬಾಯಿಪಾಠ ಆಗಲ್ವಾ?" ಅಂತ ತಂಗಿ ಕೇಳಿದಳು. ಆಗಲ್ಲ. ಎರಡು ವರ್ಷ ನನ್ನ ಕಣ್ಣೆದುರು ನಡೆದದ್ದನ್ನು ನೆನಪಿಸಿದರೆ ಅದು ಬಾಯಿಪಾಠ ಹೇಗಾಗುತ್ತದೆ? ನಾನು ನೋಡದೇ ಇದ್ದದ್ದನ್ನು ಬರೆದಿದ್ದರೆ ಖಂಡಿತ ಹೇಳುತ್ತಿರಲಿಲ್ಲ. ಹೇಳಿದರೂ "ಆ ಸಮಯದಲ್ಲಿ ಏನಾಯಿತು?" ಅನ್ನುವ ಮುಂದಿನ ಪ್ರಶ್ನೆಗೆ ಸಿಕ್ಕಿಬೀಳುತ್ತಿದ್ದೆ. ಅದಕ್ಕೇ ಎರಡೇ ವಿಷಯ ಸಾಕು, ಎರಡೂ ನಾನು ನೋಡಿದ್ದಾಗಿರಬೇಕು. ಹತ್ತು ಬರೆದು "ಹೀಗೇ ಹೇಳಿ" ಅಂದರೆ ನನಗೂ ಮುಜುಗರ. ಕೊರತೆಯ ಮಾತಂತೂ ಮುಖ್ಯ. "ಸುಧಾರಿಸಬೇಕಾದದ್ದು ಏನು?" ಅಂತ ಕೇಳಿಯೇ ಕೇಳುತ್ತಾರೆ. ನಿನ್ನೆ ನಾನು "ಏನೂ ಇಲ್ಲ" ಅಂದುಬಿಟ್ಟೆ, ಅದನ್ನು ಯಾರೂ ನಂಬುವುದಿಲ್ಲ. ಕೆಲಸ ಹಂಚಿಕೊಳ್ಳಲು ಅವಳಿಗೆ ಹೇಳಿದವಳೇ ನಾನು. ಆಮೇಲೆ ಕಲಿತದ್ದನ್ನೂ ನೋಡಿದ್ದೇನೆ. ಕೈಕೆಳಗೆ ಇಬ್ಬರಿರುವ ಹುದ್ದೆಗೆ ಅದೇ ಒಳ್ಳೆಯ ಉತ್ತರವಾಗುತ್ತಿತ್ತು.

ಇನ್ನೊಂದು. ಕೆಲವು ಕಂಪನಿಗಳಲ್ಲಿ ಹಳೆಯ ನೌಕರರ ಬಗ್ಗೆ ಎಚ್‌ಆರ್ ಬಿಟ್ಟು ಬೇರೆಯವರು ಮಾತಾಡುವಂತಿಲ್ಲ. ಹಾಗಾಗಿ ಹೆಸರು ಕೊಡುವ ಮೊದಲೇ "ನೀವು ಮಾತಾಡಬಹುದಾ?" ಅಂತ ಕೇಳಬೇಕು. ಅವಳು ಅದನ್ನೂ ಕೇಳಿರಲಿಲ್ಲ. "ಮೇಡಂ, ನಿಮಗೆ ತೊಂದರೆ ಕೊಡಬಾರದು ಅಂತ ಸುಮ್ನೆ ಇದ್ದೆ" ಅಂದಳು. ಕೇಳಿ ಕರುಳು ಚುರ್ ಅಂದಿತು.

ದಿನಾಂಕ ತಪ್ಪು ಹೇಳಿದ್ದು ನಾನು ಅಂತ ರಾತ್ರಿಯೇ ಏಜೆನ್ಸಿಗೆ ಮೇಲ್ ಹಾಕಿದೆ, 2ಬಿ ವಿಷಯವನ್ನೂ ಸೇರಿಸಿ. ಅವಳ ಎರಡನೇ ರೆಫರೆನ್ಸ್ ಸರ್‌ಗೆ ಇನ್ನೂ ಫೋನ್ ಹೋಗಿಲ್ಲವಂತೆ. ಅವರಿಗೆ ಕಳಿಸುವ ಒಕ್ಕಣೆಯನ್ನು ನಾವಿಬ್ಬರೂ ಫೋನಿನಲ್ಲೇ ಕೂತು ಬರೆದೆವು.