ಇನ್ನೂ ಬಿತ್ತಾ? ಆವರೇಜ್ ಮಾಡಿ ಸ್ವಾಮಿ!

ಬಿಟ್‌ಕಾಯಿನ್ ಅಲ್ಲದ ಯಾವುದೋ ಕ್ರಿಪ್ಟೋ, ಅಂದರೆ ಆಲ್ಟ್‌ಕಾಯಿನ್, ಮತ್ತೆ ಪಾತಾಳಕ್ಕೆ ಹೊರಟಿದೆ. ಟೆಲಿಗ್ರಾಮ್ ಗುರುಗಳ ಉಪದೇಶ ಮಾತ್ರ ಅದೇ: "ಹೆದರಬೇಡಿ, ಆವರೇಜ್ ಮಾಡಿ." ಅಂದರೆ ಬಿದ್ದಾಗಲೆಲ್ಲ ಇನ್ನಷ್ಟು ಕೊಂಡು ಸರಾಸರಿ ಬೆಲೆ ಇಳಿಸಿಕೊಳ್ಳಿ.

ಈ ಮಂತ್ರದ ಮಹಿಮೆ ಲೂನಾ ಭಕ್ತರನ್ನು ಕೇಳಿ. 2022ರ ಏಪ್ರಿಲ್‌ನಲ್ಲಿ 119 ಡಾಲರ್ ಮುಟ್ಟಿದ್ದ ಕಾಯಿನ್ ಅದು. 80ಕ್ಕೆ ಹತ್ತು ಕೊಂಡ ಭಕ್ತನೊಬ್ಬನನ್ನು ಊಹಿಸಿಕೊಳ್ಳಿ. ಹಾಕಿದ್ದು 800 ಡಾಲರ್. ಮೇ ತಿಂಗಳಲ್ಲಿ 30ಕ್ಕೆ ಬಿತ್ತು, ಇನ್ನೊಂದು 800 ಸುರಿದ. ಮರುದಿನ 1 ಡಾಲರ್ ಆಯಿತು, ಸಾಲ ಮಾಡಿ ಮತ್ತೊಂದು 800. ಆವರೇಜ್ 80ರಿಂದ ಮೂರರೊಳಗೆ ಇಳಿಯಿತು, ಎಂಥಾ ಸಾಧನೆ! ಎರಡೇ ದಿನದಲ್ಲಿ ಆ 2,400 ಡಾಲರಿನ ಮಾಲಿಗೆ ಒಂದು ಡಾಲರೂ ಹುಟ್ಟಲಿಲ್ಲ.

"ಅಗ್ಗಕ್ಕೆ ಸಿಕ್ತಲ್ಲ" ಅನ್ನಬಹುದು. ಆಷಾಢದ ಸೇಲ್‌ನಲ್ಲಿ ಸೀರೆ ಅರ್ಧ ಬೆಲೆಗೆ ಸಿಕ್ಕರೂ ಸೀರೆ ಅದೇ ಸೀರೆ. ಲೂನಾ ಹಾಗಲ್ಲ. ಅದರ ಜೋಡಿ ಕಾಯಿನ್ ಯುಎಸ್‌ಟಿ, ಬೆಲೆ ಸದಾ ಒಂದು ಡಾಲರ್ ಇರಬೇಕಾದದ್ದು. ಒಂದು ಯುಎಸ್‌ಟಿ ಕೊಟ್ಟವರಿಗೆ ಒಂದು ಡಾಲರ್ ಬೆಲೆಯ ಹೊಸ ಲೂನಾ ಅಚ್ಚು ಹಾಕಿ ಕೊಡಬೇಕಿತ್ತು. ಲೂನಾ ಬಿದ್ದಷ್ಟೂ ಜಾಸ್ತಿ ಅಚ್ಚಾಗಬೇಕು, ಅಚ್ಚಾದಷ್ಟೂ ಮತ್ತೆ ಬೀಳಬೇಕು. ಸುಮಾರು 35 ಕೋಟಿ ಲೂನಾ ಇದ್ದದ್ದು ಕೆಲವೇ ದಿನದಲ್ಲಿ ಆರು ಲಕ್ಷ ಕೋಟಿ ದಾಟಿತು. ಇಷ್ಟಾದ ಮೇಲೆ ಹಳೆಯ 119 ಮತ್ತೆ ಬರುತ್ತದೆ ಅಂತ ಕಾಯುವುದು ಯಾವ ಲೆಕ್ಕ?

"ನಾನೂ ಹಂತಹಂತವಾಗಿ ಕೊಳ್ತಿದ್ದೆ, ಅಷ್ಟೇ ಅಲ್ವಾ?" ಅಲ್ಲ ಮಹಾರಾಯರೇ. ಹಂತಹಂತವಾಗಿ ಕೊಳ್ಳುವವನು ಮೊದಲ ಕಾಯಿನ್ ಕೊಳ್ಳುವ ಮುಂಚೆಯೇ ಚಾರ್ಟ್ ನೋಡಿ, ಹಿಂದೆ ಬೆಲೆ ಎಲ್ಲೆಲ್ಲಿ ನಿಂತಿತ್ತೋ ಅಲ್ಲಿ ಗುರುತು ಹಾಕಿರುತ್ತಾನೆ. 80, 65, 50ಕ್ಕೆ ಹತ್ತತ್ತು ಕಾಯಿನ್, ಆ ಬೆಲೆಗೆ ಬಂದರೆ ಮಾತ್ರ ಕೊಳ್ಳುವ ಲಿಮಿಟ್ ಆರ್ಡರ್. ಒಟ್ಟು 1,950 ಡಾಲರ್, ಅದರ ಮೇಲೆ ಒಂದು ಪೈಸೆಯೂ ಇಲ್ಲ. ಆವರೇಜ್ 65. ಬೆಲೆ 40ಕ್ಕೆ ಇಳಿದರೆ ತನ್ನ ಲೆಕ್ಕ ತಪ್ಪು ಅಂತ ಒಪ್ಪಿ ಎಲ್ಲ ಮಾರುತ್ತಾನೆ. ನಷ್ಟ 750. ಅದು ಅವನಿಗೆ ಮೊದಲ ದಿನವೇ ಗೊತ್ತು. ಲೂನಾದಂಥ ಕುಸಿತದಲ್ಲಿ 40ಕ್ಕೆ ಇಟ್ಟ ಮಾರಾಟದ ಆರ್ಡರ್ 35ಕ್ಕೆ ಹೋಗಬಹುದು, ನಷ್ಟ 900 ಆಗಬಹುದು. ಯೋಜನೆ ಸತ್ತ ಕಾಯಿನ್ನಿಗೆ ಜೀವ ಕೊಡುವುದಿಲ್ಲ. ಸಾಲ ಮಾಡಲು ಮಾತ್ರ ಬಿಡುವುದಿಲ್ಲ.

ನಮ್ಮ ಭಕ್ತನ 30, 1 ಎಲ್ಲಿಂದ ಬಂದವು? ಚಾರ್ಟಿನಿಂದಲ್ಲ, ಹೊಟ್ಟೆಯ ಸಂಕಟದಿಂದ. ಕೆಂಪು ಅಂಕಿ ನೋಡಲಾಗದಾಗ ಕೊಂಡ. ಮುಂದಿನ ಖರೀದಿಯ ಬೆಲೆ, ಮೊತ್ತ, ಹೊರಬೀಳುವ ಜಾಗ, ಈ ಮೂರನ್ನೂ ಮೊದಲೇ ಬರೆದಿಟ್ಟ ಚೀಟಿ ಇದೆಯಾ ಅಂತ ಅವನನ್ನು ಕೇಳಿ ನೋಡಿ. "ಲಾಂಗ್ ಟರ್ಮ್" ಅನ್ನುತ್ತಾನೆ.

ಸಾಕಾಗಿದೆ ಮಾರಾಯ್ರೇ. ನಮ್ಮ ಕಾನೂನಿನಲ್ಲಿ 2022ರ ಏಪ್ರಿಲ್‌ನಿಂದ ಕ್ರಿಪ್ಟೋ ಲಾಭಕ್ಕೆ ಶೇ. 30 ತೆರಿಗೆ. ಒಂದು ಕಾಯಿನ್ನಿನ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯಲು ಬಿಡುವುದಿಲ್ಲ, ಮುಂದಿನ ವರ್ಷಕ್ಕೂ ಒಯ್ಯುವಂತಿಲ್ಲ. ಇದನ್ನು ಒಬ್ಬ ಗುರುವೂ ಹೇಳಲ್ಲ. "ಆವರೇಜ್ ಮಾಡಿ" ಅಂದವನು ನಿಮ್ಮ ಸಾಲದ ಕಂತು ಕಟ್ಟಲು ಬರುವುದೂ ಇಲ್ಲ.