ಕ್ಲೇಮ್ ಮಾಡಿದ ಮೇಲೂ ಮನಸ್ಸು ಬದಲಿಸಬಹುದಾದರೆ

ನಾನಿರೋದು ಜರ್ಮನಿಯಲ್ಲಿ. ಆದರೂ ಅಪ್ಪನ ಕಾರಿನ ಇನ್ಶೂರೆನ್ಸ್ ರಿನ್ಯೂವಲ್ ಪ್ರತಿ ವರ್ಷ ನನ್ನ ಪಾಲಿಗೇ ಬರುತ್ತದೆ. ಎರಡು ದೇಶದ ಎರಡು ಪಾಲಿಸಿ ನೋಡಿ ನೋಡಿ ಒಂದು ವಿಷಯ ನನ್ನನ್ನು ಬಹಳ ಕಾಡತೊಡಗಿದೆ. ನಮ್ಮಲ್ಲಿ ಒಂದೇ ಒಂದು ಸಣ್ಣ ಕ್ಲೇಮ್, ವರ್ಷಗಟ್ಟಲೆ ಕೂಡಿಟ್ಟ ರಿಯಾಯಿತಿಯನ್ನು ಪೂರ್ತಿ ಅಳಿಸಿಬಿಡುತ್ತದೆ.

ಭಾರತದಲ್ಲಿ ನೋ ಕ್ಲೇಮ್ ಬೋನಸ್ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಕ್ಲೇಮ್ ಇಲ್ಲದ ಮೊದಲ ವರ್ಷಕ್ಕೆ ಶೇ. 20, ಆಮೇಲೆ 25, 35, 45, ಐದನೇ ವರ್ಷಕ್ಕೆ 50. ಇದು ಸಿಗುವುದು ನಮ್ಮ ಗಾಡಿಯ ಹಾನಿಗೆ ಕಟ್ಟುವ ಓನ್ ಡ್ಯಾಮೇಜ್ ಪ್ರೀಮಿಯಂ ಮೇಲೆ ಮಾತ್ರ. ಥರ್ಡ್ ಪಾರ್ಟಿ ಮೊತ್ತಕ್ಕೆ ರಿಯಾಯಿತಿ ಇಲ್ಲ.

ಅಪ್ಪನ ಕಾರಿಗೆ ಶೇ. 35 ಇತ್ತು. ಆ ವರ್ಷ ಗೇಟಿಗೆ ತಾಗಿ ಮುಂದಿನ ಬಂಪರ್ ಒಡೆಯಿತು. ಗ್ಯಾರೇಜಿನವರು ಹೇಳಿದ್ದು 9,000 ರೂಪಾಯಿ: ಬಂಪರ್ 6,000, ಪೇಂಟಿಂಗ್ 2,400, ಕೂಲಿ 600. "ಇನ್ಶೂರೆನ್ಸ್ ಇದೆಯಲ್ಲಪ್ಪ, ಕ್ಲೇಮ್ ಮಾಡೋಣ" ಅಂದರು ಅಪ್ಪ. ನಾನು ಒಂದು ದಿನ ತಡೆಯಿರಿ ಅಂದೆ.

ಮೊದಲು ಕೈಗೆ ಬರುವ ದುಡ್ಡು ನೋಡಿ. ಬಂಪರ್ ಪ್ಲಾಸ್ಟಿಕ್ಕಿನದು, ಅದರ ಬೆಲೆಯಲ್ಲಿ ಅರ್ಧ ಸವಕಳಿ ಅಂತ ಕಡಿತ. ಪೇಂಟಿಂಗಿನಲ್ಲಿ ಕಾಲು ಭಾಗವನ್ನು ಸಾಮಗ್ರಿ ಎಂದು ಲೆಕ್ಕ ಹಿಡಿದು ಅದರಲ್ಲಿ ಅರ್ಧ, ಅಂದರೆ 300 ರೂಪಾಯಿ ಕಡಿತ. 1500 ಸಿಸಿ ಒಳಗಿನ ಕಾರಿಗೆ ಕಡ್ಡಾಯವಾಗಿ ನಾವೇ ಕೊಡಬೇಕಾದದ್ದು 1,000. ಕೊನೆಗೆ ಸಿಗುವುದು 4,700. ಝೀರೋ ಡೆಪ್ರಿಸಿಯೇಶನ್ ಆಡ್ ಆನ್ ಇದ್ದರೆ ಸವಕಳಿ ಕಡಿತ ಇಲ್ಲ, 8,000 ಸಿಗುತ್ತದೆ.

ಈಗ ಕಳೆದುಕೊಳ್ಳುವುದು. ಲೆಕ್ಕ ಸುಲಭ ಆಗಲಿ ಅಂತ ಓನ್ ಡ್ಯಾಮೇಜ್ ಪ್ರೀಮಿಯಂ ಪ್ರತಿ ವರ್ಷ 10,000 ಅಂತಲೇ ಇಟ್ಟುಕೊಳ್ಳೋಣ. ಕ್ಲೇಮ್ ಮಾಡದಿದ್ದರೆ ಮುಂದಿನ ಸಲ ಶೇ. 45 ಕಳೆದು 5,500 ಕಟ್ಟಬೇಕು, ಆಮೇಲೆ ಪ್ರತಿ ವರ್ಷ 5,000. ಕ್ಲೇಮ್ ಮಾಡಿದರೆ ಬೋನಸ್ ಸೊನ್ನೆ. ಆಗ ಕಟ್ಟಬೇಕಾದದ್ದು 10,000, 8,000, 7,500, 6,500, 5,500. ಐದು ವರ್ಷದಲ್ಲಿ ಜಾಸ್ತಿ ಹೋಗುವುದು 12,000, ತೆರಿಗೆ ಬೇರೆ. ಗಾಡಿ ಹಳೆಯದಾದಂತೆ ಅದಕ್ಕೆ ಹಾಕುವ ಬೆಲೆ, ಅಂದರೆ ಐಡಿವಿ ಇಳಿಯುತ್ತದೆ, ಜೊತೆಗೆ ಪ್ರೀಮಿಯಂ ಕೂಡ. ಹಾಗಾಗಿ ನಿಜವಾದ ನಷ್ಟ ಸ್ವಲ್ಪ ಕಮ್ಮಿ ಇರಬಹುದು. ಆದರೂ 4,700ಕ್ಕೆ ಅದು ದುಬಾರಿಯೇ, ಅಲ್ವಾ? ಕಾರು ಮಾರಿದರೂ ಈ ಬೋನಸ್ ಮಾಲೀಕರ ಜೊತೆ ಹೊಸ ಕಾರಿಗೆ ಬರುತ್ತದೆ. ಅಪ್ಪ ಕೈಯಿಂದಲೇ 9,000 ಕೊಟ್ಟರು.

ಜರ್ಮನಿಯಲ್ಲಿ ಎಣಿಸುವುದೇ ಕ್ಲೇಮ್ ಇಲ್ಲದ ವರ್ಷಗಳನ್ನು. ಅದಕ್ಕೆ ಎಸ್‌ಎಫ್ ಕ್ಲಾಸ್ ಅನ್ನುತ್ತಾರೆ. ಹತ್ತು ವರ್ಷ ಕ್ಲೇಮ್ ಇಲ್ಲದಿದ್ದರೆ ಎಸ್‌ಎಫ್ 10. ಐದಕ್ಕೇ ನಿಲ್ಲುವುದಿಲ್ಲ, 35 ವರ್ಷದವರೆಗೂ ಏರಬಹುದು. ಒಂದು ಕ್ಲೇಮ್ ಆದರೆ ಕೆಲವು ಮೆಟ್ಟಿಲು ಕೆಳಗಿಳಿಸುತ್ತಾರೆ. ನನ್ನ ಹಾಗೆ ವರ್ಷಗಳನ್ನು ಕೂಡಿಟ್ಟವರನ್ನು ಒಂದೇಟಿಗೆ ನೆಲಕ್ಕೆ ತಳ್ಳುವುದಿಲ್ಲ. ಹಾಗಂತ ಎಲ್ಲ ಸುಲಭವಲ್ಲ. ಇಲ್ಲಿ ಥರ್ಡ್ ಪಾರ್ಟಿ ಭಾಗಕ್ಕೂ ಕ್ಲಾಸ್ ಇದೆ, ಬೇರೆಯವರ ಗಾಡಿಗೆ ಗುದ್ದಿದರೆ ಅದೂ ಇಳಿಯುತ್ತದೆ.

ನನಗೆ ತುಂಬಾ ಇಷ್ಟವಾದದ್ದು ಕ್ಲೇಮನ್ನು ವಾಪಸ್ ಕೊಂಡುಕೊಳ್ಳುವ ಪದ್ಧತಿ. ಕಂಪನಿ ದುಡ್ಡು ಕೊಟ್ಟಾದ ಮೇಲೂ ಪಾಲಿಸಿಯಲ್ಲಿ ಹೇಳಿದ ಅವಧಿಯೊಳಗೆ ಅಷ್ಟೂ ಮೊತ್ತ ತಿರುಗಿ ಕಟ್ಟಿದರೆ ಕ್ಲಾಸ್ ಉಳಿಯುತ್ತದೆ. ಸಾಮಾನ್ಯವಾಗಿ ಆ ಅವಧಿ ಆರು ತಿಂಗಳು ಅಥವಾ ಒಂದು ವರ್ಷ. ಪಾರ್ಕಿಂಗಿನಲ್ಲಿ ಪಕ್ಕದ ಕಾರಿಗೆ ನನ್ನ ಗಾಡಿ ಉಜ್ಜಿದಾಗ ನಾನು ಹಾಗೇ ಮಾಡಿದೆ. ಬಿಲ್ ಎಷ್ಟು, ಮುಂದೆ ಎಷ್ಟು ಜಾಸ್ತಿ ಕಟ್ಟಬೇಕು ಅನ್ನೋದು ಗೊತ್ತಾದ ಮೇಲೆ ಕೂತು ನಿರ್ಧರಿಸಿದೆ. ಅಪ್ಪನಿಗೆ ಆ ಸೌಕರ್ಯ ಇರಲಿಲ್ಲ. ಗ್ಯಾರೇಜಿನ ಅಂದಾಜು ನಂಬಿಕೊಂಡು ಮೊದಲೇ ತೀರ್ಮಾನಿಸಬೇಕಿತ್ತು. ಇದು ನಮ್ಮಲ್ಲೂ ಬರಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಕ್ಲೇಮ್ ಮಾಡಿದರೂ ಬೋನಸ್ ಉಳಿಸಿಕೊಡುವ ಆಡ್ ಆನ್ ಎರಡೂ ಕಡೆ ಸಿಗುತ್ತದೆ. ಆದರೆ ಅದಕ್ಕೆ ಪ್ರತಿ ವರ್ಷ ಬೇರೆ ದುಡ್ಡು ಕಟ್ಟಬೇಕು. ಜರ್ಮನಿಯಲ್ಲಿ ಅದು ಆ ಕಂಪನಿಯೊಳಗೆ ಮಾತ್ರ ನಡೆಯುತ್ತದೆ. ಕಂಪನಿ ಬದಲಿಸಿದರೆ ಕ್ಲೇಮ್ ಲೆಕ್ಕ ಹಿಡಿದ ಕೆಳಗಿನ ಕ್ಲಾಸೇ ಹೊಸಬರಿಗೆ ಹೋಗುತ್ತದೆ. ಅಪ್ಪನ ಪಾಲಿಸಿಗೆ ನಾನು ಝೀರೋ ಡೆಪ್ರಿಸಿಯೇಶನ್ ಹಾಕಿಸಿದ್ದೇನೆ. ದೊಡ್ಡ ಅಪಘಾತವಾದರೆ ಬಿಡಿಭಾಗಗಳ ಕಡಿತವೇ ಹತ್ತಾರು ಸಾವಿರ ದಾಟಬಹುದು. ಬೋನಸ್ ಉಳಿಸುವ ಆಡ್ ಆನ್ ಹಾಕಿಸಿಲ್ಲ, ಸಣ್ಣ ರಿಪೇರಿಗೆ ನಾವು ಹೇಗೂ ಕ್ಲೇಮ್ ಮಾಡುವುದಿಲ್ಲ.

ಈ ಸಲ ಅಪ್ಪನಿಗೆ ಬಂದ ಎರಡು ಕೊಟೇಶನ್‌ಗಳಲ್ಲೂ ಶೇ. 45 ಎಂದೇ ಇತ್ತು, ಮೊತ್ತ ಮಾತ್ರ ಬೇರೆ. ಒಂದರಲ್ಲಿ ಐಡಿವಿ ಇಳಿಸಿ ಪ್ರೀಮಿಯಂ ಕಮ್ಮಿ ತೋರಿಸಿದ್ದರು. ಎರಡಕ್ಕೂ ಒಂದೇ ಐಡಿವಿ ಹಾಕಿಸಿ, ಬೋನಸ್ ಕಳೆಯುವ ಮೊದಲಿನ ಓನ್ ಡ್ಯಾಮೇಜ್ ಮೊತ್ತ ಕೇಳಿದೆ. ಅಗ್ಗ ಅನಿಸಿದ್ದೇ ದುಬಾರಿಯಾಗಿತ್ತು.